ಬಿಸಿಲು ತಡೆಯುವ ಬಟ್ಟೆ: ಒಂದು ಹಳೇ ಅಂಗಿಯ ಲೆಕ್ಕ

ರಾಯಚೂರು ಸೀಮೆಯ ಬಾಗಲವಾಡದ ಸುತ್ತ ಭತ್ತದ ನಾಟಿಗೋ ಹತ್ತಿ ಬಿಡಿಸೋಕೋ ಹೊರಟ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ಹಳೇ ತುಂಬುತೋಳಿನ ಅಂಗಿ ತೊಟ್ಟಿರುತ್ತಾರೆ. ಬಿಸಿಲಿಗೆ ಅದು ನಿಜಕ್ಕೂ ಎಷ್ಟು ಅಡ್ಡ ನಿಲ್ಲುತ್ತದೆ ಎಂಬುದನ್ನು ಅಳೆಯಲು ಒಂದು ಮಾಪನವಿದೆ. ಅದರ ಹೆಸರು ಯುಪಿಎಫ್. ಬಟ್ಟೆಗಳನ್ನು ಹೀಗೆ ಪರೀಕ್ಷಿಸುವ ಮಾನದಂಡವನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ 1996ರಲ್ಲಿ ತಂದವು.

ಲೆಕ್ಕ ಸುಲಭ. ಚರ್ಮ ಸುಡುವ ನೇರಳಾತೀತ ಕಿರಣದಲ್ಲಿ ಐವತ್ತರಲ್ಲಿ ಒಂದು ಪಾಲು ಮಾತ್ರ ಬಟ್ಟೆ ದಾಟಿದರೆ ಅದರ ಯುಪಿಎಫ್ 50. ಐದರಲ್ಲಿ ಒಂದು ಪಾಲು ದಾಟಿದರೆ 5. ಈ ಕಿರಣ ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯಾಗಿಯೂ ತಾಕುವುದಿಲ್ಲ. ನಮಗೆ ತಾಕುವ ಝಳ ಬೇರೆಯೇ ಕಿರಣದ್ದು. ಹಾಗಾಗಿ ತೆಳುಮೋಡದ ದಿನ ತಂಪೆನಿಸಿದರೂ ಚರ್ಮ ಸುಡುವುದುಂಟು. ಸೂರ್ಯ ನೆತ್ತಿಯ ಮೇಲಿದ್ದಾಗ ಈ ಕಿರಣ ಜೋರು, ರಾಯಚೂರು ಸೀಮೆಯಲ್ಲಿ ಅವನು ನೇರ ನೆತ್ತಿಗೆ ಬರುವುದು ವರ್ಷಕ್ಕೆ ಎರಡು ಸಲ. ಒಮ್ಮೆ ಮೇ ಮೊದಲ ವಾರದಲ್ಲಿ, ಇನ್ನೊಮ್ಮೆ ಆಗಸ್ಟ್ ಎರಡನೇ ವಾರದ ಹೊತ್ತಿಗೆ. ಎರಡನೆಯದು ನಾಟಿಯ ಕಾಲ.

ಈಗ ಒಂದು ತೆಳು ಬಿಳಿ ಹತ್ತಿ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಹಾಸು ಹೊಕ್ಕುಗಳ ನಡುವೆ ಸಣ್ಣ ಸಣ್ಣ ಬೆಳಕಿನ ಚುಕ್ಕೆ ಕಾಣುತ್ತವೆ. ಅವು ನೇಯ್ಗೆಯ ಕಂಡಿಗಳು. ಕಂಡಿಗೆ ಬಿದ್ದ ಕಿರಣ ನೆಟ್ಟಗೆ ಒಳಗೆ ಬರುತ್ತದೆ, ಅದನ್ನು ಯಾವ ಬಣ್ಣವೂ ತಡೆಯದು. ನೂರು ಪಾಲು ಬಟ್ಟೆಯಲ್ಲಿ ಮೂರು ಪಾಲು ಕಂಡಿ ಎಂದಿಟ್ಟುಕೊಳ್ಳಿ. ನೂಲು ಒಂದಿಷ್ಟೂ ಬಿಡದಿದ್ದರೂ ಆ ಬಟ್ಟೆಯ ಯುಪಿಎಫ್ 33 ದಾಟಲಾರದು.

ಆದರೆ ನೂಲು ಬಿಡುತ್ತದೆ. ಬಿಳುಪು ಮಾಡಿದ ಹತ್ತಿಯಂತೂ ಈ ಕಿರಣವನ್ನು ಹೀರುವುದೇ ಕಡಿಮೆ. ನೂಲಿಗೆ ಬಿದ್ದದ್ದರಲ್ಲಿ ನೂರಕ್ಕೆ ಹತ್ತು ದಾಟಿತೆನ್ನೋಣ. ಕಂಡಿಯಿಂದ 3, ನೂಲಿನಿಂದ ಸುಮಾರು 10, ಒಟ್ಟು 13. ಯುಪಿಎಫ್ ಎಂಟರ ಹತ್ತಿರಕ್ಕೆ ಇಳಿಯಿತು. ಇವು ತಿಳಿಯಲೆಂದು ನಾನು ಹಿಡಿದ ಅಂಕಿಗಳು. ಆದರೂ ತೆಳು ಬಿಳಿ ಹತ್ತಿ ಅಂಗಿಗಳನ್ನು ಅಳೆದಾಗ ಸಿಗುವುದು ಹೆಚ್ಚುಕಡಿಮೆ ಇಷ್ಟೇ, 5ರಿಂದ 10ರ ಒಳಗೆ.

ಅದೇ ಬಟ್ಟೆಗೆ ಕಡುನೀಲಿ ಬಣ್ಣ ಹಾಕಿಸಿದಿರಿ. ಬಣ್ಣ ನೂಲಿನೊಳಗೆ ಕೂತು ಕಿರಣವನ್ನು ನುಂಗುತ್ತದೆ. ನೂಲು ಬಿಡುವುದು ನೂರಕ್ಕೆ ಒಂದಕ್ಕೆ ಇಳಿದರೆ ಒಟ್ಟು 4, ಯುಪಿಎಫ್ 25. ಕಂಡಿಯ ಮೂರು ಮಾತ್ರ ಹಾಗೇ ಉಳಿಯಿತು. ಆದ್ದರಿಂದ ಮೊದಲು ನೇಯ್ಗೆ ನೋಡಬೇಕು, ಆಮೇಲೆ ಬಣ್ಣ. ಜಾಳು ಜಾಳಾದ ಕಪ್ಪು ಬಟ್ಟೆಗಿಂತ ಒತ್ತಾಗಿ ನೇಯ್ದ ತಿಳಿಬಣ್ಣದ ಬಟ್ಟೆ ಎಷ್ಟೋ ಸಲ ಮೇಲು.

ಇನ್ನು ಒದ್ದೆಯ ವಿಷಯ. ನಾಟಿ ಗದ್ದೆಯಲ್ಲಿ ಇದೇ ದೊಡ್ಡದು, ಬೆನ್ನು ಬೆವರಿನಿಂದ, ತೋಳು ಕೆಸರುನೀರಿನಿಂದ ನೆನೆದೇ ಇರುತ್ತವೆ. ಒಣ ಬಟ್ಟೆಯ ಎಳೆಗಳ ನಡುವೆ ಗಾಳಿ ಇರುತ್ತದೆ. ಕಿರಣ ಎಳೆಯಿಂದ ಗಾಳಿಗೆ, ಗಾಳಿಯಿಂದ ಎಳೆಗೆ ದಾಟುವಾಗಲೆಲ್ಲ ಚದುರಿ, ಒಂದಿಷ್ಟು ಹಿಂದಕ್ಕೆ ಹೋಗುತ್ತದೆ. ಗಾಳಿಯ ಜಾಗಕ್ಕೆ ನೀರು ಬಂದರೆ ಚದುರುವುದು ತಗ್ಗುತ್ತದೆ. ಬೆಳಕನ್ನು ಬಾಗಿಸುವುದರಲ್ಲಿ ಹತ್ತಿಗೆ ಗಾಳಿಗಿಂತ ನೀರು ಹತ್ತಿರದ್ದು. ಕಾಗದದ ಮೇಲೆ ಎಣ್ಣೆ ಬಿದ್ದ ಜಾಗ ಪಾರದರ್ಶಕವಾಗುವುದೂ ಹೀಗೆಯೇ. ನಮ್ಮ ಬಿಳಿ ಅಂಗಿಯ ನೂಲು ಹತ್ತರ ಬದಲು ಇಪ್ಪತ್ತು ಬಿಟ್ಟರೆ ಒಟ್ಟು 22, ಯುಪಿಎಫ್ ಐದಕ್ಕಿಂತ ಕೆಳಗೆ. ಒದ್ದೆ ಬಿಳಿ ಅಂಗಿಯೊಳಗಿಂದ ಮೈಬಣ್ಣ ಕಾಣತೊಡಗಿತೆಂದರೆ ಇದು ನಡೆದಿದೆ ಎಂದೇ ತಿಳಿಯಿರಿ. ಕಡುಬಣ್ಣದ ಬಟ್ಟೆ ಇಷ್ಟು ಸೋಲುವುದಿಲ್ಲ, ಅದು ತಡೆಯುವುದು ಹೀರಿಕೊಂಡು, ಚದುರಿಸುವುದನ್ನೇ ನೆಚ್ಚಿಕೊಂಡಿಲ್ಲ.

ಹಾಗಾಗಿ ನಾಟಿಗೆ ನನ್ನ ಆಯ್ಕೆ ಒತ್ತು ನೇಯ್ಗೆಯ ಕಡುಬಣ್ಣದ ಟೆರಿಕಾಟ್ ಅಂಗಿ. ಅದರಲ್ಲಿರುವ ಪಾಲಿಯೆಸ್ಟರ್ ಚರ್ಮ ಸುಡುವ ಕಿರಣವನ್ನು ತಾನೇ ಚೆನ್ನಾಗಿ ಹೀರುತ್ತದೆ, ನೀರನ್ನು ಹತ್ತಿಯಷ್ಟು ಹಿಡಿದಿಟ್ಟುಕೊಳ್ಳುವುದಿಲ್ಲ. ಸೆಕೆ ಹೆಚ್ಚು ಎಂಬುದು ನಿಜ. ಅದಕ್ಕೇ ಒಂದು ಅಳತೆ ದೊಡ್ಡದು, ಸಡಿಲವಾದದ್ದು ಬೇಕು. ಇದರಿಂದ ಇನ್ನೊಂದು ಲಾಭವೂ ಇದೆ: ಬಗ್ಗಿದಾಗ ಬಿಗಿ ಅಂಗಿ ಬೆನ್ನು ಭುಜದ ಮೇಲೆ ಹಿಗ್ಗಿ ಕಂಡಿಗಳು ಅಗಲವಾಗುತ್ತವೆ, ಸಡಿಲ ಅಂಗಿಯಲ್ಲಿ ಹಾಗಾಗದು.

ಹತ್ತಿಯೇ ಬೇಕೆನ್ನುವವರು ಹೊಸ ಅಂಗಿಯನ್ನು ಒಂದೆರಡು ಸಲ ಒಗೆದು ತೊಡಲಿ. ಹತ್ತಿ ಕುಗ್ಗಿ ಕಂಡಿಗಳು ಕಿರಿದಾಗುತ್ತವೆ. ಆದರೆ ಸವೆದು ತೆಳ್ಳಗಾದ, ಬಣ್ಣ ಮಾಸಿದ ಅಂಗಿ ಹೊಲಕ್ಕೆ ಸಾಕು ಎನ್ನುವ ರೂಢಿ ಸರಿಯಲ್ಲ. ಕಿಟಕಿಗೆ ಹಿಡಿದಾಗ ಭುಜದ ಭಾಗದಲ್ಲಿ ಆಚೆಯ ಗಿಡದ ಎಲೆ ಕಂಡರೆ ಆ ಅಂಗಿಯನ್ನು ಒರೆಸುವ ಬಟ್ಟೆ ಮಾಡಿ. ಅಂಗಡಿಯಲ್ಲಿ ಯುಪಿಎಫ್ 50+ ಎಂಬ ಚೀಟಿ ಇರುವ ಅಂಗಿ ಕೊಂಡರೂ ಒಂದು ನೆನಪಿರಲಿ: ಆ ಅಂಕಿಯನ್ನು ಸಾಮಾನ್ಯವಾಗಿ ಅಳೆಯುವುದು ಹಿಗ್ಗಿಸದ, ಒಣಗಿದ ಹೊಸ ಬಟ್ಟೆಯ ಮೇಲೆ.