ಎರಡು ರೂಪಾಯಿ ಏರಿಕೆಯ ನೋಟಿಸು

2025ರ ಮೇ 1ರಿಂದ ಎಟಿಎಂ ಶುಲ್ಕದ ಗರಿಷ್ಠ ಮಿತಿ 21 ರೂಪಾಯಿಯಿಂದ 23ಕ್ಕೆ ಏರಿತು. ಆಗ ಬ್ಯಾಂಕುಗಳ ಸೂಚನೆಗಳು ಸಾಮಾನ್ಯವಾಗಿ ಹೀಗಿರುತ್ತಿದ್ದವು: ‘ರಿಸರ್ವ್ ಬ್ಯಾಂಕ್ ಮಾರ್ಗಸೂಚಿಯನ್ವಯ, ಉಚಿತ ಮಿತಿ ಮೀರಿದ ವಹಿವಾಟುಗಳಿಗೆ ಪರಿಷ್ಕೃತ ಶುಲ್ಕ 23 ರೂ. ಹಾಗೂ ಅನ್ವಯವಾಗುವ ತೆರಿಗೆ ವಿಧಿಸಲಾಗುವುದು.’

ಇದರಲ್ಲಿ ಸುಳ್ಳಿಲ್ಲ. ಆದರೆ ಓದಿದವರಿಗೆ ಬೇಕಾದದ್ದೂ ಇಲ್ಲ. ರಿಸರ್ವ್ ಬ್ಯಾಂಕ್ 23 ರೂಪಾಯಿ ವಸೂಲು ಮಾಡಿ ಎಂದು ಯಾರಿಗೂ ಹೇಳಿರಲಿಲ್ಲ, ಅದನ್ನು ಮೀರಬೇಡಿ ಎಂದಿತ್ತು ಅಷ್ಟೆ. ಅಷ್ಟೂ ತೆಗೆದುಕೊಳ್ಳುವುದು ಬ್ಯಾಂಕಿನದೇ ತೀರ್ಮಾನ. ‘ಮಾರ್ಗಸೂಚಿಯನ್ವಯ’ ಎಂಬ ಒಂದೇ ಮಾತು ಅದನ್ನು ಮುಚ್ಚಿಬಿಡುತ್ತದೆ.

ಹರಿಹರದಲ್ಲಿ ಕೂಲಿ ಮಾಡುವವರೊಬ್ಬರು ತಿಂಗಳಲ್ಲಿ ಒಂಬತ್ತು ಸಲ, ಸಲಕ್ಕೆ 500 ರೂಪಾಯಿಯಂತೆ, ಬೇರೆ ಬ್ಯಾಂಕಿನ ಎಟಿಎಂನಿಂದ ತೆಗೆಯುತ್ತಾರೆ ಎನ್ನೋಣ. ಐದು ಉಚಿತ, ನಾಲ್ಕಕ್ಕೆ ಶುಲ್ಕ. ಶೇ 18 ಜಿಎಸ್‌ಟಿ ಸೇರಿ ಒಂದಕ್ಕೆ 27 ರೂಪಾಯಿ 14 ಪೈಸೆ, ನಾಲ್ಕಕ್ಕೆ 108 ರೂಪಾಯಿ 56 ಪೈಸೆ. ಮೊದಲಿಗಿಂತ ಹೆಚ್ಚಾದದ್ದು ಹತ್ತು ರೂಪಾಯಿಯೂ ಅಲ್ಲ, ನಿಜ. ಆದರೆ 500ಕ್ಕೆ 27 ಎಂದರೆ ನೂರಕ್ಕೆ ಐದು ರೂಪಾಯಿಗಿಂತ ಜಾಸ್ತಿ. ಹೊಡೆತ ಬೀಳುವುದು ಸಣ್ಣ ಮೊತ್ತ ತೆಗೆಯುವವರಿಗೆ.

ನೋಟಿಸನ್ನು ನಾನು ಬರೆಯುವುದಾದರೆ ಹೀಗೆ:

‘ಮೇ 1ರಿಂದ ನಮ್ಮ ಎಟಿಎಂ ಶುಲ್ಕ ಹೆಚ್ಚಾಗುತ್ತದೆ. ಹೆಚ್ಚಿಸುವ ತೀರ್ಮಾನ ನಮ್ಮದು. ರಿಸರ್ವ್ ಬ್ಯಾಂಕ್ ನಿಗದಿ ಮಾಡಿರುವುದು ಮಿತಿಯನ್ನು ಮಾತ್ರ.

‘ದಾವಣಗೆರೆ, ಹರಿಹರದಲ್ಲಿ ಬೇರೆ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ವಹಿವಾಟು ಉಚಿತ. ಬೆಂಗಳೂರಿನಲ್ಲಿ ಮೂರೇ. ಎರಡೂ ಕಡೆ ಬ್ಯಾಲೆನ್ಸ್ ನೋಡಿದರೂ ಲೆಕ್ಕಕ್ಕೆ ಸೇರುತ್ತದೆ.

‘ಆಮೇಲೆ ಪ್ರತಿ ಸಲ ಹಣ ತೆಗೆದಾಗ ನಿಮ್ಮ ಖಾತೆಯಿಂದ 27 ರೂ. 14 ಪೈಸೆ ಹೋಗುತ್ತದೆ. 500 ತೆಗೆದರೂ ಅಷ್ಟೇ, 5,000 ತೆಗೆದರೂ ಅಷ್ಟೇ.

‘ಯಂತ್ರ ಕೆಟ್ಟು, ನೋಟು ಖಾಲಿಯಾಗಿ ಅಥವಾ ಪಿನ್ ತಪ್ಪಾಗಿ ವಹಿವಾಟು ನಿಂತರೆ ಅದು ಉಚಿತ ವಹಿವಾಟಿನ ಲೆಕ್ಕಕ್ಕೆ ಸೇರದು, ಶುಲ್ಕವೂ ಇಲ್ಲ.’

ಕೊನೆಯ ಸಾಲು ಬ್ಯಾಂಕಿನ ಔದಾರ್ಯವಲ್ಲ. ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲೇ ಹಾಗೆ ಸೂಚಿಸಿದೆ. ಇದನ್ನು ನೋಟಿಸಿನಲ್ಲಿ ಬಿಟ್ಟರೆ ಗ್ರಾಹಕರು ಕೇಳುವುದೇ ಇಲ್ಲ.

ಪಾಸ್‌ಬುಕ್ ಎಂಟ್ರಿ ಮಾಡಿಸಿ, ಶುಲ್ಕ ಕಡಿತವಾದ ತಿಂಗಳ ಎಟಿಎಂ ಸಾಲುಗಳನ್ನು ಎಣಿಸಿ. ಉಚಿತ ಮಿತಿ ಮುಗಿಯುವ ಮೊದಲೇ ಕಡಿತವಾಗಿದ್ದರೆ, ಅಥವಾ ಹಣವೇ ಬಾರದ ವಹಿವಾಟಿಗೆ ಕಡಿತವಾಗಿದ್ದರೆ, ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, cms.rbi.org.in ಮೂಲಕ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ವಿವರಕ್ಕೆ 14448ಕ್ಕೆ ಕರೆ ಮಾಡಿ.

ಒಂದು ಮಾತು: ‘23 ರೂಪಾಯಿ ಬಹಳ ಜಾಸ್ತಿ’ ಎಂಬ ದೂರನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಮಿತಿಯೊಳಗಿನ ದರ ಬ್ಯಾಂಕಿನ ವ್ಯವಹಾರದ ವಿಷಯ. ತಪ್ಪು ಲೆಕ್ಕ, ತಪ್ಪು ಕಡಿತವಿದ್ದರೆ ಮಾತ್ರ ದೂರು ನಿಲ್ಲುತ್ತದೆ.