ಗಮ್ಮಿ ಡಬ್ಬಿಯ ಹಿಂಬದಿ ಓದು, ತಂಗಿ

ತಂಗಿ, ಅಮೆರಿಕದಿಂದ ಬಂದ ನಿನ್ನ ಮೈದುನ ತಂದುಕೊಟ್ಟ ಗಮ್ಮಿ ಡಬ್ಬಿಯ ಫೋಟೊ ನೋಡಿದೆ. ಸುರಪುರದಲ್ಲಿ ಓಣಿಯ ಮಕ್ಕಳೆಲ್ಲ ತಿನ್ನುತ್ತಾರೆ, ನಮ್ಮ ಹುಡುಗನಿಗೂ ಕೊಡಲೇ ಎಂದು ಕೇಳಿದ್ದೀ. ಯಾದಗಿರಿಯ ಔಷಧಿ ಅಂಗಡಿಯಲ್ಲಿ ಕೂತು ಚೀಟಿ ಓದುತ್ತಲೇ ಮುದುಕನಾದವನು ನಾನು. ಡಬ್ಬಿಯ ಮುಂದಿನ ಚಿತ್ರ ಬಿಡು, ಹಿಂದಿನ ‘ಸಪ್ಲಿಮೆಂಟ್ ಫ್ಯಾಕ್ಟ್ಸ್’ ಚೌಕ ನೋಡೋಣ.

ಮೊದಲ ಸಾಲು ‘ಸರ್ವಿಂಗ್ ಸೈಜ್’. ನಿನ್ನ ಡಬ್ಬಿಯಲ್ಲಿ ಅದು 2 ಗಮ್ಮಿ. ಕೆಳಗಿರುವ ಲೆಕ್ಕವೆಲ್ಲ ಎರಡು ಸೇರಿಸಿ ಬರೆದದ್ದು, ಒಂದರದ್ದಲ್ಲ. ವಿಟಮಿನ್ ಎ ಎದುರು 450 ಮೈಕ್ರೋಗ್ರಾಂ, ಪಕ್ಕದಲ್ಲಿ ಶೇಕಡಾ 50 ಎಂದಿದೆ. ಇದನ್ನು ನೋಡಿ ‘ಅರ್ಧವೇ ಸಿಗುತ್ತದೆ, ಇನ್ನೆರಡು ಕೊಟ್ಟರೆ ಪೂರ್ತಿಯಾಯಿತು’ ಎಂದು ಯಾರಿಗಾದರೂ ಅನ್ನಿಸುತ್ತದೆ. ಎಡವುವುದು ಇಲ್ಲೇ.

ಆ ಶೇಕಡಾ ಲೆಕ್ಕಕ್ಕೆ ಹಿಡಿದ ಅಳತೆ 900 ಮೈಕ್ರೋಗ್ರಾಂ. ನಾಲ್ಕು ವರ್ಷದ ಕೂಸಿನಿಂದ ಅಜ್ಜನವರೆಗೆ ಎಲ್ಲರಿಗೂ ಅದೇ ಒಂದು ಅಳತೆ. ನಿನ್ನ ನಾಲ್ಕೂವರೆ ವರ್ಷದ ಮಗನಿಗೆ ದಿನಕ್ಕೆ ಬೇಕಾದದ್ದು 400 ಮಾತ್ರ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2001ರಲ್ಲಿ 4ರಿಂದ 8 ವರ್ಷದ ಮಕ್ಕಳಿಗೆ ಹಾಕಿದ ಮೇಲ್ಮಿತಿ, ಅಂದರೆ ದಿನಾಲೂ ಇದಕ್ಕಿಂತ ಮೇಲೆ ಹೋಗಬಾರದು ಎಂಬ ಗೆರೆ, 900. ಡಬ್ಬಿಯಲ್ಲಿ ಶೇಕಡಾ 100 ಎಂದು ಬರೆದರೆ ನಿನ್ನ ಮಗನ ಮಟ್ಟಿಗೆ ಅದು ಗೆರೆಯ ಮೇಲೆ ನಿಂತಂತೆ. ಎರಡು ಗಮ್ಮಿಗೇ ಅವನ ದಿನದ ಅಗತ್ಯ ದಾಟುತ್ತದೆ, ನಾಲ್ಕಕ್ಕೆ ಮೇಲ್ಮಿತಿ ಮುಟ್ಟುತ್ತದೆ. ಊಟದ ಹಾಲು, ಮೊಟ್ಟೆ ಇನ್ನೂ ಬೇರೆ.

ಈ ಗೆರೆ ರೆಟಿನಾಲ್ ರೂಪದ ವಿಟಮಿನ್ ಎಗೆ ಮಾತ್ರ. ಡಬ್ಬಿಯಲ್ಲಿ ‘ರೆಟಿನೈಲ್ ಪಾಲ್ಮಿಟೇಟ್’ ಅಥವಾ ‘ಅಸಿಟೇಟ್’ ಎಂದಿದ್ದರೆ ಅದೇ. ಅದು ಯಕೃತ್ತಿನಲ್ಲಿ ಕೂಡುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ಹೆಚ್ಚಾದರೆ ತಲೆನೋವು, ವಾಂತಿ, ಒಡೆದ ತುಟಿ, ಒಣಗಿದ ಚರ್ಮ, ಉದುರುವ ಕೂದಲು ಕಾಣಿಸಬಹುದು. ‘ಬೀಟಾ ಕೆರೋಟಿನ್’ ಎಂದಿದ್ದರೆ ಮಾತು ಬೇರೆ. ಮೈ ತನಗೆ ಬೇಕಾದಷ್ಟನ್ನೇ ಎ ಮಾಡಿಕೊಳ್ಳುತ್ತದೆ. ನೀನು ಜೋಳದ ರೊಟ್ಟಿ ಜೊತೆ ಮಾಡುವ ಮೆಂತ್ಯ, ನುಗ್ಗೆ ಸೊಪ್ಪಿನಲ್ಲಿ ಇರುವುದು ಈ ರೂಪ. ಅದನ್ನು ಅಳೆದು ಬಡಿಸಬೇಕಿಲ್ಲ.

ಸತುವಿನ ಸಾಲನ್ನೂ ಹಾಗೇ ಓದು. ಶೇಕಡಾ 100 ಅಂದರೆ 11 ಮಿಲಿಗ್ರಾಂ, ನಿನ್ನ ಮಗನಿಗೆ ಬೇಕಾದದ್ದು 5, ಮೇಲ್ಮಿತಿ 12. ವಿಟಮಿನ್ ಡಿಯಲ್ಲಿ ಮಾತ್ರ ಜಾಗ ಬಹಳ ಇದೆ: ಡಬ್ಬಿಯಲ್ಲಿ 10 ಮೈಕ್ರೋಗ್ರಾಂ, ಅಂದರೆ 400 ಐಯು, ಅವನ ವಯಸ್ಸಿನ ಮಿತಿ 3,000 ಐಯು. ಆದರೆ ಡಾಕ್ಟರು ಡಿ ಹನಿಯೋ ಪುಡಿಯೋ ಬರೆದುಕೊಟ್ಟಿದ್ದರೆ ಗಮ್ಮಿಯ ಸಂಗತಿ ಅವರಿಗೆ ಹೇಳು. ಶಹಾಪುರದ ಅಂಗಡಿಯಲ್ಲಿ ನಮ್ಮ ದೇಶದ ಡಬ್ಬಿ ಕೊಂಡರೆ ಅಲ್ಲಿ ‘ಆರ್‌ಡಿಎ’ ಶೇಕಡಾ ಇರುತ್ತದೆ. ಅದು ಮಗುವಿನದೋ ದೊಡ್ಡವರದೋ ಎಂದು ಕೆಳಗಿನ ಸಣ್ಣಕ್ಷರದಲ್ಲಿ ಹುಡುಕು.

ಇನ್ನೊಂದು. ಗಮ್ಮಿ ತಿನ್ನುತ್ತಾನೆ ಎಂದು ಅಂಗನವಾಡಿಯ ಕಬ್ಬಿಣದ ಸಿರಪ್ ಬಿಡಿಸಬೇಡ. ವಾರಕ್ಕೆರಡು ಸಲ ಕೊಡುವ ಆ 1 ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ನಿನ್ನ ಡಬ್ಬಿಯ ಚೌಕದಲ್ಲಿ ಕಬ್ಬಿಣದ ಸಾಲೇ ಇಲ್ಲ. ಬಹಳಷ್ಟು ಗಮ್ಮಿಗಳಲ್ಲಿ ಅದನ್ನು ಹಾಕುವುದಿಲ್ಲ, ರುಚಿ ಕೆಡುತ್ತದೆ. ಆರು ತಿಂಗಳಿಗೊಮ್ಮೆ ವಿಟಮಿನ್ ಎ ಹಾಕಿಸಲು ಹೋದಾಗಲೂ ಸಿಸ್ಟರ್‌ಗೆ ಗಮ್ಮಿ ಡಬ್ಬಿ ತೋರಿಸು.

ನಿನಗೆಂದು ತಂದ ಅಶ್ವಗಂಧದ ಗಮ್ಮಿಯಲ್ಲಿ ಶೇಕಡಾ ಜಾಗದಲ್ಲಿ ಕತ್ತಿಯಂಥ ಸಣ್ಣ ಗುರುತಿದೆ. ದಿನದ ಪ್ರಮಾಣ ಯಾರೂ ನಿಗದಿ ಮಾಡಿಲ್ಲ ಎಂದು ಅದರ ಅರ್ಥ, ಎಷ್ಟು ತಿಂದರೂ ನಡೆದೀತು ಎಂದಲ್ಲ. ಸಾರವೋ ಪುಡಿಯೋ, ಎಷ್ಟು ಮಿಲಿಗ್ರಾಂ ಎಂದು ಬಿಡಿಸಿ ಬರೆಯದೆ ನಾಲ್ಕು ಗಿಡಮೂಲಿಕೆ ಕೂಡಿಸಿ ‘ಬ್ಲೆಂಡ್’ ಎಂದು ಒಂದೇ ತೂಕ ಕೊಟ್ಟಿದ್ದರೆ ಆ ಡಬ್ಬಿ ಬೇಡ. ಅಶ್ವಗಂಧದಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯರ ದಾಖಲೆಯಲ್ಲಿವೆ. ನೀನು ಥೈರಾಯ್ಡ್ ಮಾತ್ರೆ ನುಂಗುವವಳು, ಡಾಕ್ಟರನ್ನು ಕೇಳದೆ ಮುಟ್ಟಬೇಡ. ಬಸುರಿ ಇದ್ದಾಗಂತೂ ಬೇಡವೇ ಬೇಡ.

ಮಗನಿಗೆ ಕೊಡುವುದಾದರೆ ದಿನಕ್ಕೊಂದು ಸಾಕು, ಅದೂ ಮಕ್ಕಳ ಡಾಕ್ಟರಿಗೆ ಡಬ್ಬಿ ತೋರಿಸಿದ ಮೇಲೆ. ‘ಚಾಕಲೇಟ್’ ಎಂದು ಹೆಸರಿಟ್ಟು ಕರೆಯಬೇಡ, ಮುಚ್ಚಳ ಬಿಗಿ ಮಾಡಿ ಅಟ್ಟದ ಮೇಲಿಡು. ಕಣ್ತಪ್ಪಿಸಿ ಒಂದು ಹಿಡಿ ತಿಂದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡ. ಉಳಿದವನ್ನು ಎಣಿಸಿ, ಡಬ್ಬಿ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೊರಡು. ಕಬ್ಬಿಣ ಇರುವ ಡಬ್ಬಿಯಾದರೆ, ಹುಡುಗ ಆಡಿಕೊಂಡೇ ಇದ್ದರೂ ಕಾಯುತ್ತ ಕೂರಬೇಡ. ಕಬ್ಬಿಣದ ವಿಷದಲ್ಲಿ ಮೊದಲ ವಾಂತಿ ನಿಂತು ಮಗು ಚೇತರಿಸಿಕೊಂಡಂತೆ ಕಂಡ ಮೇಲೂ ಕೆಡುವುದುಂಟು.