ಓರೆ ಫೋಟೊದಲ್ಲಿ ನೀರಿನ ಮೀಟರ್ ಓದುವುದು ಹೇಗೆ?

ಬಾಡಿಗೆಗೆ ಇರುವವರು ವಾಟ್ಸ್‌ಆ್ಯಪ್‌ನಲ್ಲಿ ನೀರಿನ ಮೀಟರಿನ ಫೋಟೊ ಕಳಿಸುತ್ತಾರೆ. ಕೆಳಗೆ ಒಂದೇ ಸಾಲು: ‘ರೀಡಿಂಗ್ ಎಷ್ಟು ಅಂತ ಹೇಳಿ ಸಾಕು ಸರ್.’ ಮೀಟರ್ ಇರುವುದು ಗೇಟಿನ ಪಕ್ಕದ ಗುಂಡಿಯಲ್ಲಿ. ಬಗ್ಗಿ, ಕೈ ಚಾಚಿ ತೆಗೆದ ಚಿತ್ರ ಅರ್ಧ ತಿರುಗಿದೆ, ಒಂದು ಪಕ್ಕಕ್ಕೆ ವಾಲಿದೆ. ಕೇಳಿದವರಿಗೆ ಬೇಕಿರುವುದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆ ಸರಿಯಿರಬೇಕಾದರೆ ಓದುವವರು ಒಂದೆರಡು ನಿಮಿಷ ತಾಳ್ಮೆಯಿಂದ ಕೂರಬೇಕು.

ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಮೀಟರಿನಲ್ಲಿ ಎರಡು ಭಾಗ. ಕಿಟಕಿಯಂಥ ಕಿಂಡಿಯಲ್ಲಿ ಉರುಳುವ ಕಪ್ಪು ಅಂಕಿಗಳು ಪೂರ್ಣ ಘನ ಮೀಟರ್ ತೋರಿಸುತ್ತವೆ. ಒಂದು ಘನ ಮೀಟರ್ ಎಂದರೆ ಸಾವಿರ ಲೀಟರ್, ಬಿಲ್ಲಿನ ಭಾಷೆಯಲ್ಲಿ ಒಂದು ಕಿಲೋಲೀಟರ್. ಅದರ ಕೆಳಗೆ ಕೆಂಪು ಮುಳ್ಳಿನ ಪುಟ್ಟ ಡಯಲ್‌ಗಳು, ಒಂದೊಂದರ ಪಕ್ಕ ×0.1, ×0.01, ×0.001, ×0.0001 ಎಂದು ಅಚ್ಚಾಗಿರುತ್ತದೆ. ಮೊದಲನೆಯದರಲ್ಲಿ ಒಂದು ಮನೆ ಸರಿದರೆ ನೂರು ಲೀಟರ್, ಎರಡನೆಯದರಲ್ಲಿ ಹತ್ತು, ಮೂರನೆಯದರಲ್ಲಿ ಒಂದು.

ಮೊದಲು ಮೀಟರಿನ ‘ಮೇಲು’ ಯಾವ ಕಡೆ ಎಂದು ಗುರುತಿಸಿ. ಕಪ್ಪು ಅಂಕಿಗಳು ನೆಟ್ಟಗೆ ಓದಲು ಬರುವ ತನಕ ಫೋಟೊ ತಿರುಗಿಸಿದರೆ ಆಯಿತು. ಹಾಗೆ ತಿರುಗಿಸುವುದರಿಂದ ಯಾವ ಅಳತೆಯೂ ಕೆಡುವುದಿಲ್ಲ. ಅಕ್ಷರಗಳು ಕನ್ನಡಿಯಲ್ಲಿ ನೋಡಿದಂತೆ ತಿರುವುಮುರುವಾಗಿದ್ದರೆ ಮಾತ್ರ ಎಚ್ಚರ. ಇಕ್ಕಟ್ಟಿನ ಗುಂಡಿಗೆ ಕೈ ಇಳಿಸಿ ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳಲ್ಲಿ ಹೀಗಾಗುವುದುಂಟು. ಅಂಥದ್ದನ್ನು ಗ್ಯಾಲರಿಯಲ್ಲಿ ಅಡ್ಡ ಮಗುಚಿಯೇ ಓದಬೇಕು.

ತಿರುಗಿದ ಫೋಟೊಗಿಂತ ವಾಲಿದ ಫೋಟೊ ಹೆಚ್ಚು ಕಾಡುತ್ತದೆ. ಓರೆಯಿಂದ ತೆಗೆದಾಗ ದುಂಡು ಡಯಲ್ ಅಂಡಾಕಾರವಾಗುತ್ತದೆ, ಅಂಕಿಗಳ ನಡುವಿನ ಅಂತರ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗುತ್ತದೆ. ಆದ್ದರಿಂದ ಮುಳ್ಳು ಎಡಕ್ಕಿದೆ, ಬಲಕ್ಕಿದೆ ಎಂಬ ಅಂದಾಜಿನಲ್ಲಿ ಓದಬಾರದು. ಅಚ್ಚಾದ ಯಾವ ಎರಡು ಅಂಕಿಗಳ ನಡುವೆ ಇದೆ ಎಂದಷ್ಟೇ ನೋಡಬೇಕು. ಈ ಹಿಗ್ಗು ಕುಗ್ಗನ್ನು ಫೋನಿನ ಎಡಿಟ್‌ನಲ್ಲಿ ಎಳೆದು ಸರಿಮಾಡಬಹುದು. ಆದರೆ ಎಡಿಟ್‌ಗೂ ಬಗ್ಗದ ಇನ್ನೊಂದು ದೋಷವಿದೆ. ಮುಳ್ಳು ಡಯಲಿನ ಮುಖಕ್ಕೆ ಅಂಟಿಕೊಂಡಿಲ್ಲ, ಸ್ವಲ್ಪ ಎತ್ತರದಲ್ಲಿ ತಿರುಗುತ್ತದೆ. ಓರೆಯಿಂದ ನೋಡಿದರೆ ಅದು ಕ್ಯಾಮೆರಾದಿಂದ ಆಚೆಗೆ ಸರಿದಂತೆ ಕಾಣುತ್ತದೆ. ಫೋಟೊ ತೆಗೆಯುವ ಹೊತ್ತಿಗೇ ಆಗಿಹೋದ ಈ ಸರಿತವನ್ನು ಆಮೇಲೆ ಚಿತ್ರ ಎಷ್ಟು ಎಳೆದರೂ ಹಿಂದಕ್ಕೆ ತರಲಾಗದು.

ಹಾಗಾಗಿ ಕ್ಯಾಮೆರಾ ಯಾವ ಕಡೆ ಇತ್ತು ಎಂದು ತಿಳಿಯಬೇಕು. ಮೀಟರಿನ ಸುತ್ತಲಿನ ಅಂಚನ್ನು ನೋಡಿ. ಅಂಚಿನ ಒಳಗೋಡೆ ಯಾವ ಕಡೆ ಚೆನ್ನಾಗಿ ಕಾಣುತ್ತದೋ ಅದು ಕ್ಯಾಮೆರಾಕ್ಕೆ ಆಚೆಯ ಕಡೆ. ಫೋಟೊ ಕೆಳಗಡೆಯಿಂದ ತೆಗೆದದ್ದಾದರೆ ಎಲ್ಲ ಮುಳ್ಳುಗಳೂ ಮೇಲಕ್ಕೆ ಸರಿದಂತೆ ಕಾಣುತ್ತವೆ. ಈ ಮುಳ್ಳುಗಳು ಬಲಕ್ಕೆ ತಿರುಗುವುದರಿಂದ, ಡಯಲಿನ ಎಡ ಅರ್ಧದಲ್ಲಿರುವ ಮುಳ್ಳು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ, ಬಲ ಅರ್ಧದ್ದು ಕಡಿಮೆ ತೋರಿಸುತ್ತದೆ. ನೆಟ್ಟಗೆ ಮೇಲೆ ಅಥವಾ ಕೆಳಗೆ ಚಾಚಿದ ಮುಳ್ಳಿಗೆ ಅಷ್ಟೇನೂ ಬಾಧೆಯಿಲ್ಲ.

ಎಷ್ಟು ಸರಿದಿದೆ ಎಂದು ಅಳೆಯುವ ಗೋಜಿಗೆ ಹೋಗಬೇಕಿಲ್ಲ. ಒಂದು ಮುಳ್ಳಿನ ಅನುಮಾನವನ್ನು ಅದರ ಕೆಳಗಿನ ದರ್ಜೆಯ ಮುಳ್ಳು ಬಗೆಹರಿಸುತ್ತದೆ. ಗಡಿಯಾರದಲ್ಲಿ ಗಂಟೆ ಮುಳ್ಳು 7ರ ಮೇಲೇ ಇದ್ದಂತೆ ಕಂಡರೂ ನಿಮಿಷದ ಮುಳ್ಳು 11ರಲ್ಲಿದ್ದರೆ ಇನ್ನೂ ಏಳಾಗಿಲ್ಲ ಎನ್ನುತ್ತೇವಲ್ಲ, ಇಲ್ಲೂ ಅದೇ ಲೆಕ್ಕ. ಆದ್ದರಿಂದ ಓದುವುದು ಅತಿ ಸಣ್ಣ ಡಯಲಿನಿಂದ ದೊಡ್ಡದರ ಕಡೆಗೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಫೋಟೊ ಕೆಳಗಡೆಯಿಂದ ತೆಗೆದದ್ದು. ಕಿಂಡಿಯಲ್ಲಿ 0041 ಸ್ಪಷ್ಟವಾಗಿದೆ, ಕೊನೆಯ ಉರುಳೆಯಲ್ಲಿ 8 ಅರ್ಧಕ್ಕಿಂತ ಹೆಚ್ಚು ಮರೆಯಾಗಿ 9 ಮುಖ ತೋರಿಸುತ್ತಿದೆ. ×0.1ರ ಮುಳ್ಳು 7 ದಾಟಿದಂತಿದೆ. ×0.01ರದ್ದು 9 ಮತ್ತು 0ಯ ನಡುವೆ, ×0.001ರದ್ದು 3 ಮತ್ತು 4ರ ನಡುವೆ, ×0.0001ರದ್ದು 6ರ ಹತ್ತಿರ. ಅವಸರದಲ್ಲಿ ಓದಿದವರು 419.793 ಎನ್ನುತ್ತಾರೆ.

ಈಗ ಕೆಳಗಿನಿಂದ ಬನ್ನಿ. ಕೊನೆಯ ಮುಳ್ಳು 6ರ ಹತ್ತಿರ ಇದೆ ಎಂದರೆ ಅದರ ಮೇಲಿನದು 3 ಮತ್ತು 4ರ ನಡುವೆ ಅರ್ಧ ದಾಟಿರಬೇಕು. ಚಿತ್ರದಲ್ಲೂ ಸುಮಾರು ಹಾಗೇ ಇದೆ, 3 ಎಂದು ಬರೆದುಕೊಳ್ಳಿ. ×0.01ರ ಮುಳ್ಳು 9 ದಾಟಿ ಮೂರನೇ ಒಂದರಷ್ಟು ಮುಂದಿದೆ, ಅದೂ ಹೊಂದುತ್ತದೆ: 9. ಮುಂದಿನದರಲ್ಲಿ ತೊಡಕು. ×0.01 ಇನ್ನೂ 9ರಲ್ಲಿದೆ, ಸುತ್ತು ಮುಗಿಸಿ 0ಗೆ ಬಂದಿಲ್ಲ. ಹಾಗಾದರೆ ×0.1ರ ಮುಳ್ಳು ಒಂದು ಅಂಕಿಯನ್ನು ಮುಟ್ಟಲು ಇನ್ನೇನು ಸ್ವಲ್ಪ ಉಳಿದಿರಬೇಕೇ ಹೊರತು ದಾಟಿರಲಾರದು. 7 ದಾಟಿದಂತೆ ಕಂಡದ್ದು ಓರೆಯ ಆಟ. 7 ಡಯಲಿನ ಎಡ ಅರ್ಧದಲ್ಲಿದೆ, ಕ್ಯಾಮೆರಾ ಕೆಳಗಿತ್ತು, ಮುಳ್ಳು ಹೆಚ್ಚು ತೋರಿಸಿದೆ. ನಿಜವಾದ ಅಂಕಿ 6. ಇನ್ನು ಉರುಳೆ: ಹಲವು ಮೀಟರ್‌ಗಳಲ್ಲಿ ಕೊನೆಯ ಉರುಳೆ ಫಕ್ಕನೆ ಜಿಗಿಯದೆ ಮೆಲ್ಲಗೆ ತಿರುಗುತ್ತಿರುತ್ತದೆ. ×0.1 ಇನ್ನೂ 6ರಲ್ಲಿರುವಾಗ 8 ಮುಗಿದು 9 ಆಗಿರುವುದಿಲ್ಲ, 9 ಎಷ್ಟೇ ದೊಡ್ಡದಾಗಿ ಕಾಣಲಿ. ಎರಡು ಅಂಕಿ ಅರ್ಧರ್ಧ ಕಂಡಾಗ ಚಿಕ್ಕದನ್ನು ಹಿಡಿಯಿರಿ. 9 ಮತ್ತು 0 ಕಂಡರೆ ಮಾತ್ರ 9.

ಹೀಗೆ ರೀಡಿಂಗ್ 418.693 ಘನ ಮೀಟರ್. ಮೊದಲ ಓದಿಗೂ ಇದಕ್ಕೂ 1,100 ಲೀಟರ್ ವ್ಯತ್ಯಾಸ. ನಾಲ್ಕನೇ ದಶಮಾಂಶವನ್ನು ನಾನು ಬಿಟ್ಟುಬಿಡುತ್ತೇನೆ. ಆ ಮುಳ್ಳಿನ ಕೆಳಗೆ ಅದರ ಮಾತಿಗೆ ಸಾಕ್ಷಿ ಹೇಳಲು ಇನ್ನೊಂದು ಮುಳ್ಳಿಲ್ಲ, ನಲ್ಲಿ ತೆರೆದಿದ್ದರೆ ಫೋಟೊ ತೆಗೆಯುವಾಗಲೇ ಅದು ಓಡುತ್ತಿರುತ್ತದೆ. ಅಮೆರಿಕದ ಹಳೆಯ ಮನೆಗಳಿಂದ ಮಕ್ಕಳು ಕರೆಂಟ್ ಮೀಟರಿನ ಫೋಟೊ ಕಳಿಸಿದರೆ ಇದೇ ಕ್ರಮ ಸಾಕು, ಒಂದು ತಿದ್ದುಪಡಿಯೊಂದಿಗೆ: ಅಲ್ಲಿನ ಮುಳ್ಳಿನ ಮೀಟರ್‌ಗಳಲ್ಲಿ ಅಕ್ಕಪಕ್ಕದ ಡಯಲ್‌ಗಳು ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಿರುಗುತ್ತವೆ. ಅಂಕಿಗಳು ಯಾವ ಕಡೆಗೆ ಏರುತ್ತವೆ ಎಂದು ಪ್ರತಿ ಡಯಲಿನಲ್ಲೂ ಬೇರೆಯಾಗಿ ನೋಡಬೇಕು.

ಉತ್ತರ ಕಳಿಸುವಾಗ ‘418.693 ಘನ ಮೀಟರ್’ ಎಂದಷ್ಟೇ ಬರೆಯಿರಿ. ಓರೆ, ಮುಳ್ಳು, ಉರುಳೆಗಳ ಪುರಾಣ ಅವರು ಕೇಳಿಲ್ಲ. ಹೋದ ತಿಂಗಳದ್ದನ್ನು ಕಳೆದು ಬಳಕೆ ಎಷ್ಟೆಂದು ಹೇಳುವುದೂ ಬೇಡ, ಅದನ್ನೇ ರೀಡಿಂಗ್ ಎಂದು ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ತಿಂಗಳು ತಲೆ ಕೆಡಿಸಿಕೊಳ್ಳುತ್ತಾರೆ. ಬಿಲ್ಲಿಗಾಗಿ ಕೇಳಿದ್ದು ಎಂದು ಗೊತ್ತಿದ್ದರೆ ಕಪ್ಪು ಅಂಕಿಯ 418 ಸಾಕು. ಒಂದು ಸಂದರ್ಭದಲ್ಲಿ ಮಾತ್ರ ಸಂಖ್ಯೆಯ ಜೊತೆ ಇನ್ನೊಂದು ಸಾಲು ಸೇರಿಸಲೇಬೇಕು. ಉರುಳೆ ಅರ್ಧಂಬರ್ಧ ನಿಂತು, ಅದನ್ನು ಬಗೆಹರಿಸಬೇಕಾದ ×0.1ರ ಮುಳ್ಳು ಗಾಜಿನ ಹೊಳಪಿನಲ್ಲೋ ಒಳಗೆ ಕಟ್ಟಿದ ಹಬೆಯಲ್ಲೋ ಮುಚ್ಚಿಹೋಗಿದ್ದರೆ, ‘418 ಅಥವಾ 419, ಇನ್ನೊಂದು ಫೋಟೊ ಬೇಕು’ ಎನ್ನಿ. ಫ್ಲ್ಯಾಶ್ ಆರಿಸಿ, ಟಾರ್ಚನ್ನು ಪಕ್ಕದಿಂದ ಹಿಡಿದು, ಅಂಚಿನ ಒಳಗೋಡೆ ಸುತ್ತಲೂ ಒಂದೇ ಸಮ ಕಾಣುವ ಹಾಗೆ ಫೋನನ್ನು ನೆಟ್ಟಗೆ ಮೇಲಿಂದ ಹಿಡಿಯಲು ತಿಳಿಸಿ.